ಹಳೇ ಪೇಪರ್ ತುಣುಕನ್ನು ಟೈಪ್ ರೂಪಕ್ಕೆ ತರುವಾಗ ಒತ್ತಕ್ಷರ ಹೋದರೆ?

ಕೇಳಿದವರು, ಚಿಂತಾಮಣಿ: ನಮ್ಮ ತಾತ ಊರ ಕೆರೆ ಬಗ್ಗೆ ಬರೆದ ಲೇಖನ ಪೇಪರಿನಲ್ಲಿ ಬಂದಿತ್ತು. ಕತ್ತರಿಸಿಟ್ಟ ಒಂದು ಕಾಲಂ ಸಿಕ್ಕಿದೆ. ಮೊಬೈಲಲ್ಲಿ ಫೋಟೊ ತೆಗೆದು ಡ್ರೈವ್‌ಗೆ ಹಾಕಿ Google Docs ನಲ್ಲಿ ತೆರೆದೆ. ‘ಕಾರ್ಯದರ್ಶಿ’ ಹೋಗಿ ‘ಕಾಯ೯ದಶಿ೯’ ಆಗಿದೆ, ‘ಹಳ್ಳಿ’ ಹೋಗಿ ‘ಹಳಿ’ ಆಗಿದೆ. ನಡುವೆ ಕೆಲವು ಸಾಲು ಮಸಿ ಹರಡಿದೆ. ಮಾಡಿ ಗೊತ್ತಿರುವವರು ಹೇಳಿ.

ಕೋಲಾರ, ಫೋಟೊ ಸ್ಟುಡಿಯೊ: ಫೋಟೊ ಸರಿ ಇದ್ದರೆ ಅರ್ಧ ಕೆಲಸ ಮುಗೀತು. ಹಿಂದಿನ ಪುಟದ ಅಕ್ಷರ ಮೂಡಿ ಕಾಣ್ತಿದ್ದರೆ ತುಣುಕಿನ ಕೆಳಗೆ ಕಪ್ಪು ಹಾಳೆ ಇಡಿ, ಅದು ಮಾಯವಾಗುತ್ತದೆ. ಆಮೇಲೆ ಕಾಂಟ್ರಾಸ್ಟ್ ಪೂರ್ತಿ ಏರಿಸಿ ಅಚ್ಚ ಕಪ್ಪು ಬಿಳುಪು ಮಾಡಿ.

ಮಾಲೂರು: ನನಗೂ ಇದೇ ಆಗಿತ್ತು. ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲಿನಿಂದ ಕಾಪಿ ಮಾಡಿದರೆ ಬರೀ ಇಂಗ್ಲಿಷ್ ಚಿಹ್ನೆಗಳು. ನುಡಿಯಿಂದ ಯೂನಿಕೋಡಿಗೆ ಬದಲಾಯಿಸುವ ಕನ್ವರ್ಟರ್ ಹಾಕಿ, ತಕ್ಷಣ ಸರಿಹೋಗುತ್ತದೆ.

ತುಮಕೂರು, ಡಿಟಿಪಿ ಕೆಲಸ: ಮಾಲೂರಿನವರೇ, ನಿಮ್ಮದು ಫಾಂಟಿನ ತೊಂದರೆ. ಇವರದ್ದು ಫೋಟೊ ಅಲ್ವಾ, ಕನ್ವರ್ಟರ್ ಇಲ್ಲಿ ಕೆಲಸಕ್ಕೆ ಬರಲ್ಲ.

ಕಪ್ಪು ಹಾಳೆ ಖಂಡಿತ ಇಡಿ. ಆದರೆ ಕಾಂಟ್ರಾಸ್ಟ್ ಪೂರ್ತಿ ಏರಿಸಬೇಡಿ. ಒತ್ತಕ್ಷರದ ಗೆರೆ ತೆಳು, ಮೊದಲು ಅಳಿಸಿಹೋಗುವುದೇ ಅದು. ಮಸಿ ಹರಡಿದ ಕಡೆ ಇದಕ್ಕೆ ಉಲ್ಟಾ, ಅಕ್ಷರದ ಒಳಗಿನ ಖಾಲಿ ಜಾಗ ಮುಚ್ಚಿಕೊಳ್ಳುತ್ತದೆ. ಬೂದು ಬಣ್ಣದಲ್ಲೇ ಬಿಡಿ. ಸ್ಕ್ಯಾನರ್ ಸಿಕ್ಕರೆ 300 ಡಿಪಿಐ ಇಟ್ಟುಕೊಳ್ಳಿ. ಮೊಬೈಲೇ ಆದರೆ ಹತ್ತಿರ ಹಿಡಿದು ಕಾಲಮ್ಮನ್ನು ತುಂಡು ತುಂಡಾಗಿ ತೆಗೆಯಿರಿ.

‘ಹಳ್ಳಿ’ ಯಾಕೆ ‘ಹಳಿ’ ಆಯಿತು ಅಂದರೆ, ಪೇಪರಿನಲ್ಲಿ ಸಾಲುಗಳ ನಡುವೆ ಜಾಗ ಕಮ್ಮಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿಕೊಂಡಿರುತ್ತದೆ. ತಂತ್ರಾಂಶ ಅದನ್ನು ಕೆಳಗಿನ ಸಾಲಿಗೆ ಸೇರಿಸುತ್ತದೆ, ಇಲ್ಲಾಂದ್ರೆ ಕಲೆ ಅಂತ ಬಿಟ್ಟೇಬಿಡುತ್ತದೆ. ‘ಮತು’, ‘ಕಟೆ’ ಅಂತ ಬಂದರೆ ಕಣ್ಣಿಗೆ ಬೀಳುತ್ತದೆ. ‘ಹಳಿ’ ಬೀಳಲ್ಲ, ಅದೂ ಒಂದು ಪದವೇ. ಸ್ಪೆಲ್ ಚೆಕ್ಕಿಗೂ ಸಿಗಲ್ಲ. ಆದ್ದರಿಂದ ಒಬ್ಬರು ತುಣುಕು ನೋಡಿ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪರದೆ ನೋಡಲಿ. ‘ಹಳ್ಳಿ’ ಅಂತ ಕಿವಿಗೆ ಬಿದ್ದಾಗ ಎದುರಿಗೆ ‘ಹಳಿ’ ಇದ್ದರೆ ಗೊತ್ತಾಗದೆ ಇರಲ್ಲ.

೯ ಬಂದಿರುವುದು ಅರ್ಕಾವತ್ತಿನಿಂದ. ಅಚ್ಚಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಆಕಾರ. ಸುಮ್ನೆ ೯ ತೆಗೆದು ಅಲ್ಲೇ ‘ರ್’ ಹಾಕಿದರೆ ‘ಕಾಯರ್ದಶಿರ್’ ಆಗುತ್ತದೆ. ಅಚ್ಚಿನಲ್ಲಿ ಅಕ್ಷರದ ಆಮೇಲೆ ಬಂದರೂ ಯೂನಿಕೋಡಿನಲ್ಲಿ ‘ರ್’ ಮುಂಚೆ ಕೂರಬೇಕು. LibreOffice Writer ನಲ್ಲಿ Find & Replace ತೆರೆದು Regular expressions ಗೆ ಟಿಕ್ ಹಾಕಿ. Find ನಲ್ಲಿ ಮೊದಲ ಸಾಲು, Replace ನಲ್ಲಿ ಎರಡನೆಯದು:

```
([ಕ-ಹ](್[ಕ-ಹ])*[ಾ-ೌ]?)೯
ರ್$1
```

‘ಯ೯’ ‘ರ್ಯ’ ಆಗುತ್ತದೆ, ‘ಶಿ೯’ ‘ರ್ಶಿ’ ಆಗುತ್ತದೆ. ‘೧೯೮೯’ ಥರದ ಇಸವಿಯನ್ನು ಇದು ಮುಟ್ಟಲ್ಲ, ಅಲ್ಲಿ ೯ಕ್ಕೆ ಮುಂಚೆ ಇರುವುದು ಅಂಕಿ. ಆದರೂ Replace All ಒತ್ತಬೇಡಿ. ಜಾಗ ನುಂಗಿಹೋಗಿ ‘ದಿನಾಂಕ೯’ ಅಂತ ಇದ್ದರೆ ಅದು ‘ದಿನಾಂರ್ಕ’ ಆಗಿಬಿಡುತ್ತದೆ. ಒಂದೊಂದಾಗಿ ನೋಡಿ ಬದಲಾಯಿಸಿ.

ಗೌರಿಬಿದನೂರು, ಶಿಕ್ಷಕಿ: ಮಸಿ ಹರಡಿದ ಸಾಲಿನ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿ ಹೊಟ್ಟೆ ಸೀಳಿದ ಅಕ್ಷರಗಳೇ ಮೋಸ ಮಾಡುವುದು. ಸೀಳು ಮಸಿಯಲ್ಲಿ ಮುಚ್ಚಿದರೆ ‘ಧ’ ‘ದ’ ಆಗುತ್ತದೆ, ‘ಭ’ ‘ಬ’ ಆಗುತ್ತದೆ. ‘ರೈತರಿಗೆ ಧನ ಕೊಟ್ಟರು’, ‘ರೈತರಿಗೆ ದನ ಕೊಟ್ಟರು’, ಎರಡೂ ಆಗಬಹುದಾದ ಮಾತೇ. ಅರ್ಥ ನೋಡಿ ತೀರ್ಮಾನ ಮಾಡಕ್ಕಾಗಲ್ಲ. ಅದೇ ತುಣುಕಿನಲ್ಲಿ ಸ್ಪಷ್ಟವಾಗಿ ಅಚ್ಚಾದ ‘ಧ’ ಹುಡುಕಿ, ಎರಡನ್ನೂ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಸೀಳು ಇದ್ದ ಕಡೆ ಮಸಿ ಸ್ವಲ್ಪ ಕೆಳಗೆ ಇಳಿದಿರುತ್ತದೆ.

ಅಂಕಿ ಇನ್ನೂ ಕಷ್ಟ. ೨ ಮತ್ತು ೩ ಮಸಿಯಲ್ಲಿ ಒಂದೇ ಥರ ಕಾಣುತ್ತವೆ. ಕೆರೆಯ ಲೇಖನ ಅಂದಿರಿ, ಎಕರೆ ಲೆಕ್ಕ ಇದ್ದೇ ಇರುತ್ತದೆ. ಬಿಡಿ ಬಿಡಿ ಅಂಕಿ ಕೊಟ್ಟು ಕೊನೆಗೆ ಒಟ್ಟು ಕೊಟ್ಟಿದ್ದಾರಾ ನೋಡಿ. ‘೧೨ ಎಕರೆ, ಮಸಿಯಾದ ಎಕರೆ, ಒಟ್ಟು ೩೫’ ಅಂತ ಇದ್ದರೆ ಮಸಿಯಲ್ಲಿರುವುದು ೨೩, ೩೩ ಅಲ್ಲ. ಹಾಗೆ ಏನೂ ಸಿಗದಿದ್ದರೆ ಊಹೆ ಬೇಡ, [ಅಸ್ಪಷ್ಟ] ಅಂತ ಹಾಕಿ. ಒಂದು ಅಕ್ಷರದ ಮೇಲೆ ಮಾತ್ರ ಅನುಮಾನ ಇದ್ದರೆ ಪದ ಬರೆದು ಪಕ್ಕದಲ್ಲಿ [?].

ಕೇಳಿದವರು: ಥ್ಯಾಂಕ್ಸ್ ಮೇಡಂ, ಥ್ಯಾಂಕ್ಸ್ ಅಣ್ಣ. ೯ ಸರಿಹೋಯಿತು. ಇನ್ನೊಂದು ವಿಷಯ. ತಾತ ‘ತೂಬು’ ಅಂತಲೇ ಬರೆಯುತ್ತಿದ್ದರು, ಅಚ್ಚಿನಲ್ಲಿ ‘ತೂಬ’ ಅಂತ ಇದೆ. ಮಸಿ ಇಲ್ಲ, ಸ್ಪಷ್ಟವಾಗಿದೆ. ತಿದ್ದಲಾ?

ತುಮಕೂರು, ಡಿಟಿಪಿ ಕೆಲಸ: ತಿದ್ದಿ. ಅದು ಮೊಳೆ ಜೋಡಿಸಿದವರ ಕೈತಪ್ಪು, ನಿಮ್ಮ ತಾತನದ್ದಲ್ಲ. ನಾಳೆ ‘ತೂಬು’ ಅಂತ ಹುಡುಕಿದವರಿಗೆ ಸಿಗಬೇಕಲ್ವಾ.

ಗೌರಿಬಿದನೂರು, ಶಿಕ್ಷಕಿ: ನಾನು ಒಪ್ಪಲ್ಲ. ಅಚ್ಚಿನಲ್ಲಿ ಇದ್ದದ್ದು ಇದ್ದ ಹಾಗೇ ಒಂದು ಫೈಲು, ತಿದ್ದಿದ್ದು ಬೇರೆ ಫೈಲು. ಮೊದಲನೆಯದನ್ನು ಯಾರೂ ಮುಟ್ಟಬಾರದು.

ತುಮಕೂರು, ಡಿಟಿಪಿ ಕೆಲಸ: ಎರಡು ಫೈಲು ಇಟ್ಟರೆ ಮನೆಯವರು ಹಂಚುವುದು ತಪ್ಪಿರುವುದನ್ನೇ, ಮೇಡಂ. ಫೋಟೊ ಹೇಗೂ ಇದೆಯಲ್ಲ, ಇದ್ದ ಹಾಗೇ ಇರುವುದು ಅದೇ.