ಒಂದೇ ಹಿಟ್ಟು, ಐದು ರೀಲ್ಸ್

"ಚಿಕ್ಕಪ್ಪಾ, ಬೆಣ್ಣೆ ದೋಸೆ ಮೇಲೆ ಮಾಡಿದ್ದ 40 ನಿಮಿಷದ ಪಾಡ್‌ಕಾಸ್ಟನ್ನ ಐದು ತುಂಡು ಮಾಡಿ ರೀಲ್ಸ್ ಹಾಕೀನಿ. ಒಂದೂ ಓಡ್ತಿಲ್ಲ. ಏನ್ ತಪ್ಪಾತು?"

ಪುಟ್ಟೀ, ಅಂಗಡೀಲಿದೀನಿ, ಮಧ್ಯೆ ಗಲಾಟೆ ಕೇಳಿದ್ರೆ ಬೈಬ್ಯಾಡ. ಐದೂ ನೋಡ್ದೆ. ಎರಡನೇದು "ಆಗ್ಲೇ ಹೇಳಿದಂಗೆ" ಅಂತ ಶುರುವಾಗ್ತೈತಿ. ಯಾವಾಗ ಹೇಳಿದ್ದವ್ವಾ? ಬೆರಳಲ್ಲಿ ಸರಿಸ್ತಾ ಬಂದೋರಿಗೆ ಹಿಂದಿನ ಮಾತು ಗೊತ್ತಿರಲ್ಲ. ನೀನು ಮಾತು ಕತ್ತರಿಸೀಯ, ವಿಷಯ ಬದಲಾಯಿಸಿಲ್ಲ. ಆಡಿಯೋ ಬದಿಗಿಡು. ಯಾರು ನೋಡ್ತಾರೆ, ಅವರ ತಲೇಲಿ ಏನೈತಿ, ಅದನ್ನ ಮೊದಲು ಬರಿ.

ಬೆಂಗಳೂರಿನೋರ ತಲೇಲಿ ನಮ್ಮ ದಾವಣಗೆರೆ ಬೆಣ್ಣೆ ದೋಸೆ ಅಂದ್ರೆ ಬೆಣ್ಣೆ ಜಾಸ್ತಿ ಹಾಕಿದ ಮಸಾಲೆ ದೋಸೆ. ಅವರಿಗೆ ಮೊದಲನೇ ದೃಶ್ಯದಲ್ಲೇ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಬೀಳೋದು ತೋರ್ಸು. ಒಳಗೆ ಕೆಂಪು ಚಟ್ನಿ ಸವರಲ್ಲ, ಪಲ್ಯ, ಬಿಳಿ ಚಟ್ನಿ ಪಕ್ಕದಲ್ಲಿರ್ತಾವೆ ಅಂತ ಹೇಳಿ ಮುಗ್ಸು. ಅರ್ಧ ನಿಮಿಷ ಸಾಕು.

ಮನೇಲಿ ಮಾಡಿ ಸೋತೋರದ್ದು ಬೇರೆ ಸಂಕಟ. ನನ್ನ ಪ್ರಕಾರ ಐದರಲ್ಲಿ ಇದೇ ಗಟ್ಟಿ. ನೀನು ನಡುವೆ ಎಲ್ಲೋ ಎರಡೇ ಮಾತಲ್ಲಿ ಮುಗಿಸಿಬಿಟ್ಟೀಯ. ಕೆಟ್ಟ ದೋಸೆಯಿಂದಲೇ ಶುರು ಮಾಡು: ಹಿಟ್ಟು ಸೌಟಿಗೇ ಅಂಟಿ ಮುದ್ದೆಯಾಗಿ ಎದ್ದು ಬರೋದು. ಕಾವಲಿ ವಿಪರೀತ ಕಾದಿದ್ರೆ ಹಿಟ್ಟು ಹರಡೋಕೆ ಮುಂಚೇನೇ ಕಚ್ಚಿಕೊಳ್ತೈತಿ, ಅದಕ್ಕೇ ಅದು. ಆಮೇಲೆ ನೀರು ಚಿಮುಕಿಸಿ, ಒರೆಸಿ, ಅದೇ ಹಿಟ್ಟು ಸಲೀಸಾಗಿ ಹರಡೋದು ತೋರ್ಸು. ಮಂಡಕ್ಕಿ ಮಾತು ಇಲ್ಲಿ ಎತ್ತಲೇಬ್ಯಾಡ, ಅದು ಮೊದಲನೇದರ ಸರಕು.

ಬಸ್ಸಲ್ಲಿ ಸೌಂಡ್ ತೆಗೆದು ನೋಡೋರಿಗೆ ಮಾತಿಲ್ಲದ್ದು: ಕೈ, ಕಾವಲಿ, ಕರಗೋ ಬೆಣ್ಣೆ ಅಷ್ಟೇ. ಅಕ್ಷರ ಹಾಕಿದ್ರೆ ಕೆಳಗಡೆ ಬ್ಯಾಡ, ಬಟನ್ನು, ಹೆಸರು ಬಂದು ಮುಚ್ಚಿಬಿಡ್ತಾವೆ.

ನಮ್ಮೂರಲ್ಲಿ ಆಗ ದೋಸೆ ಮಾರ್ತಿದ್ದ ಚೆನ್ನಮ್ಮನೋರು ಮೊದಲು ರಾಗಿ ದೋಸೆ ಮಾಡ್ತಿದ್ರು ಅಂತ ಕಥೆ ಹೇಳೀಯಲ್ಲ, ನಿನ್ನ ಹಳೇ ಆಡಿಯೋ ಹಾಗೇ ನಡೆಯೋದು ಅದಕ್ಕೊಂದಕ್ಕೇ. "ಬೆಣ್ಣೆ ದೋಸೆ ಮೊದಲು ಅಕ್ಕೀದಾಗಿರಲಿಲ್ಲ" ಅನ್ನೋ ಸಾಲು ಮುಂದಕ್ಕೆ ತಾ, ಪೀಠಿಕೆ ಎಲ್ಲಾ ಕಿತ್ತಾಕು.

ಐದನೇದು ನಮ್ಮೂರೋರಿಗೆ. ಖಾಲಿ ದೋಸೆ ಮೇಲೋ, ಬೆಣ್ಣೆ ದೋಸೆ ಮೇಲೋ? ನೀನು ಒಂದು ಪಕ್ಷ ಹಿಡಿದು ಮಾತಾಡು. ಎರಡೂ ಚೆನ್ನಾಗಿದಾವೆ ಅಂದ್ರೆ ಯಾರೂ ಜಗಳಕ್ಕೆ ಬರಲ್ಲ. ನಾನಂತೂ ಖಾಲಿ ಕಡೆ.

ಶೂಟಿಂಗ್‌ಗೆ ಮುಂಚೆ ಐದರ ಕೊನೇ ಸಾಲೂ ಒಂದೇ ಹಾಳೇಲಿ ಬರಿ. ಎರಡು ಒಂದೇ ಥರ ಕಂಡ್ರೆ ಅವು ಎರಡಲ್ಲ, ಒಂದನ್ನ ಬಿಡು. ಹಾಕಿದ ಮೇಲೆ ಜನ ಎಲ್ಲೀವರೆಗೆ ನೋಡಿದ್ರು ಅನ್ನೋ ಗ್ರಾಫ್ ನೋಡು: ಮೊದಲ ಮೂರು ಸೆಕೆಂಡಲ್ಲೇ ಬಿದ್ರೆ ಶುರುವಾತು ಕೆಟ್ಟೈತಿ, ಅದನ್ನಷ್ಟೇ ಬದಲಾಯಿಸಿ ಮತ್ತೆ ಹಾಕು. ನಡುವೆ ಬಿದ್ರೆ ಎಳೆದೀಯ ಅಂತ.

ಭಾನುವಾರ ಬಾ, ಕಾವಲಿದು ನಮ್ಮನೇಲೇ ತೆಗೆಯಾನ. ಕೆಟ್ಟ ದೋಸೆ ನಿಮ್ಮ ಚಿಕ್ಕಮ್ಮನ ಕೈಲಿ ಮಾತ್ರ ಹಾಕಿಸಬ್ಯಾಡ, ಅದಕ್ಕೆ ನಾನಿದೀನಿ.