ರೀಲ್‌ನಲ್ಲಿ ಉಳಿದ ಕಾಗದ ಎಷ್ಟು ಮೀಟರ್: ಅನುಭವವಿದ್ದವರು ತಿಳಿಸಿ

ಕೇಳಿದವರು (ದಾವಣಗೆರೆ): ನೋಟ್‌ಬುಕ್ ಕಾಗದದ ಒಂದು ರೀಲ್ ಅರ್ಧ ಬಳಕೆಯಾಗಿ ಉಳಿದಿದೆ. ಹೊರವ್ಯಾಸ 60 ಸೆಂ.ಮೀ., ಕೋರ್ 7.6 ಸೆಂ.ಮೀ., ದಪ್ಪ 0.08 ಮಿ.ಮೀ. ಇದನ್ನು ನಂಬಿ 3,400 ಮೀಟರಿನ ಆರ್ಡರ್ ಒಪ್ಪಿಕೊಳ್ಳಬಹುದೇ?

ಹಳೆಯ ಪ್ರೆಸ್ಸಿನವರು, ದಾವಣಗೆರೆ: ನಾನೂ ಹೀಗೆಯೇ ನಂಬಿ ಕೆಟ್ಟವನು. ನನ್ನ ರೀಲಿನ ಹೊರವ್ಯಾಸ 90 ಸೆಂ.ಮೀ. ಇತ್ತು, ಕೋರ್ ನಿಮ್ಮದರಷ್ಟೇ. ಒಂದು ಹಾಳೆಯನ್ನು ಮೈಕ್ರೋಮೀಟರಿನಲ್ಲಿ ಹಿಡಿದಾಗ 0.08 ಎಂದು ಬಂದಿತು, `L = π(D² − d²) / (4t)` ಸೂತ್ರಕ್ಕೆ ಹಾಕಿದಾಗ 7,895 ಮೀಟರ್ ಸಿಕ್ಕಿತು. ಇದರಲ್ಲಿ L ಉದ್ದ, D ಹೊರವ್ಯಾಸ, d ಕೋರಿನ ವ್ಯಾಸ, t ದಪ್ಪ, ಎಲ್ಲವೂ ಮೀಟರಿನಲ್ಲಿ. ಅಷ್ಟಕ್ಕೂ ಆರ್ಡರ್ ಹಿಡಿದೆ. ಯಂತ್ರದ ಮೀಟರು ಓಡಿದ್ದು 7,520ಕ್ಕೆ ಮುಗಿಯಿತು. 375 ಮೀಟರ್ ಕೊರತೆ ಎಂದರೆ 27 ಸೆಂ.ಮೀ. ಕಟಿಂಗಿನಲ್ಲಿ ಸುಮಾರು 1,390 ಹಾಳೆ. ಶಾಲೆ ಆರಂಭವಾಗಲು ಎರಡೇ ದಿನ ಬಾಕಿಯಿದ್ದುದರಿಂದ, ಬಿಡಿ ಕಾಗದವನ್ನು ಹರಿಹರದಿಂದ ಗೂಡ್ಸ್ ಆಟೋದಲ್ಲಿ ತರಿಸಿ, ಬಾಡಿಗೆ ನಾನೇ ಕೊಟ್ಟು, ಕೈಯಿಂದ ಕತ್ತರಿಸಿ ಕೊಡಬೇಕಾಯಿತು. ಆ ಬೇರೆ ಕಾಗದದ ಬಣ್ಣ ಸ್ವಲ್ಪ ಹಳದಿಯಾಗಿದ್ದಿತೆಂದು ಗಿರಾಕಿ ಹಣವನ್ನೂ ಹಿಡಿದುಕೊಂಡರು.

ಸೂತ್ರದಲ್ಲಿ ತಪ್ಪಿರಲಿಲ್ಲ, ದಪ್ಪದಲ್ಲಿತ್ತು. ಮೈಕ್ರೋಮೀಟರು ಹಾಳೆಯನ್ನು ಒತ್ತಿ ಅಳೆಯುತ್ತದೆ. ರೀಲಿನ ಸುತ್ತುಗಳ ನಡುವೆ ಗಾಳಿಯೂ ಸಡಿಲವೂ ಇರುತ್ತವೆ. ಹಿಂದಕ್ಕೆ ಲೆಕ್ಕ ಹಾಕಿದಾಗ ನನ್ನ ರೀಲಿನ ಒಂದು ಸುತ್ತಿನ ದಪ್ಪ 0.084 ಆಗಿತ್ತು.

ಬಟ್ಟೆ ಅಂಗಡಿಯವರು, ಚಿತ್ರದುರ್ಗ: ಸೂತ್ರವನ್ನೇ ನಂಬಬಾರದೆಂಬುದು ನನ್ನ ಅನುಭವ. 30 ಸೆಂ.ಮೀ. ಹೊರವ್ಯಾಸ, 5 ಸೆಂ.ಮೀ. ಕೋರ್, 0.4 ಮಿ.ಮೀ. ಬಟ್ಟೆ ಎಂದರೆ ಸೂತ್ರ 172 ಮೀಟರ್ ಹೇಳಿತು. ನಾನು ಮಗ್ಗುಲಿನಲ್ಲಿ ಸೂಜಿಯ ತುದಿ ಇಟ್ಟು ಒಂದೊಂದೇ ಸುತ್ತು ಎಣಿಸಿದೆ, 273 ಬಂದಿತು. ಕೋರ್ ಮತ್ತು ಹೊರಗಿನ ವ್ಯಾಸಗಳ ಸರಾಸರಿ 17.5 ಸೆಂ.ಮೀ., ಅದರ ಸುತ್ತಳತೆ ಸುಮಾರು 55 ಸೆಂ.ಮೀ. ಗುಣಿಸಿದರೆ 150 ಮೀಟರ್. ಬಿಚ್ಚಿ ಅಳೆದಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಎಣಿಸುವ ವಿಧಾನವೇ ಸರಿ, ಸೂತ್ರ ಪುಸ್ತಕದ್ದು.

ಹಳೆಯ ಪ್ರೆಸ್ಸಿನವರು: ಎರಡೂ ಒಂದೇ ಸ್ವಾಮಿ! ಸುತ್ತಿನ ಸಂಖ್ಯೆ ಎಂದರೆ `(D − d) / (2t)`, ಸರಾಸರಿ ಸುತ್ತಳತೆ `π(D + d) / 2`. ಗುಣಿಸಿ ನೋಡಿ, ಅದೇ ಸೂತ್ರ. ನೀವು ಎಣಿಸಿದ್ದರಿಂದ ಬಟ್ಟೆ ಸಡಿಲವಾಗಿ ಸುತ್ತಿಕೊಂಡು 0.458 ದಪ್ಪವಾಗಿರುವುದು ಗೊತ್ತಾಯಿತು, ಅಷ್ಟೇ.

ಬಟ್ಟೆ ಅಂಗಡಿಯವರು: ಎಣಿಸಿದವನು ನಾನು. ನಿಮ್ಮ ಅಕ್ಷರಗಳು ನನ್ನ ಬಟ್ಟೆಯನ್ನು ಕತ್ತರಿಸಿ ಕೊಡಲಿಲ್ಲ.

ಟೈಲರ್, ಹೊಳಲ್ಕೆರೆ: ನನ್ನ ಹತ್ತಿರ ಹಲಗೆಗೆ ಸುತ್ತಿದ ಲೈನಿಂಗ್ ಥಾನು ಇದೆ. ಅದಕ್ಕೆ ವ್ಯಾಸವನ್ನು ಎಲ್ಲಿ ಅಳೆಯಬೇಕು? ಹಿಂದೊಮ್ಮೆ ದುಂಡಗಿನ ಕೋರಿನದಕ್ಕೆ ತ್ರಿಜ್ಯಗಳನ್ನೇ ವ್ಯಾಸವೆಂದು ಹಾಕಿ, ಇದ್ದುದರ ಕಾಲು ಭಾಗದಷ್ಟೇ ಉತ್ತರ ಬಂದು, ಬೇಡದಿದ್ದರೂ ಇನ್ನೊಂದು ಥಾನು ಕೊಂಡಿದ್ದೇನೆ.

ಹಳೆಯ ಪ್ರೆಸ್ಸಿನವರು: ಹಲಗೆಯ ಥಾನಿಗೆ ಈ ಸೂತ್ರ ಹೊಂದುವುದಿಲ್ಲ ಅಮ್ಮಾ, ಸುತ್ತು ಎಣಿಸುವುದೇ ಸರಿ. ಅಷ್ಟರ ಮಟ್ಟಿಗೆ ಅಂಗಡಿಯವರ ಮಾತು ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರಿಗೆ: 0.08ಕ್ಕೆ ನಿಮ್ಮ ರೀಲ್ 3,477 ಮೀಟರ್, ನನ್ನ 0.084ಕ್ಕೆ 3,312 ಮಾತ್ರ. 3,400 ಒಪ್ಪಿಕೊಳ್ಳಬೇಡಿ. ವ್ಯಾಸವನ್ನೂ ಸ್ಕೇಲಿನಿಂದ ಅಳೆಯಬೇಡಿ. ಮಲಗಿಸಿಟ್ಟ ರೀಲ್ ಭಾರಕ್ಕೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಟೇಪಿನಿಂದ ಸುತ್ತಳತೆ ಹಿಡಿದು 3.1416ರಿಂದ ಭಾಗಿಸಿ. ಒಂದು ಸೆಂ.ಮೀ. ತಪ್ಪಿದರೆ ನೂರು ಮೀಟರಿಗೂ ಮೇಲೆ ವ್ಯತ್ಯಾಸವಾಗುತ್ತದೆ. ಮುಂದಿನ ಹೊಸ ರೀಲಿನಲ್ಲಿ ಸುತ್ತಿನ ದಪ್ಪವನ್ನು ಕಂಡುಕೊಳ್ಳಬೇಕಾದರೆ, ಮೊದಲ ವ್ಯಾಸ ಬರೆದಿಟ್ಟು, ಸಾವಿರ ಮೀಟರ್ ಓಡಿಸಿ, ಮತ್ತೆ ಅಳೆದು, ಎರಡು ವರ್ಗಗಳ ವ್ಯತ್ಯಾಸದಿಂದ ತೆಗೆಯಿರಿ. ನಾನು ಮೊದಲು 200 ಮೀಟರ್ ಮಾತ್ರ ಓಡಿಸಿದ್ದೆ. ವ್ಯಾಸ ಇಳಿದದ್ದು 12 ಮಿ.ಮೀ., ಅದರಲ್ಲಿ ಒಂದು ಮಿ.ಮೀ. ತಪ್ಪಿದರೆ ದಪ್ಪ ನೂರಕ್ಕೆ ಎಂಟರಷ್ಟು ತಪ್ಪಿತು.

ಗೋದಾಮಿನವರು, ಹರಿಹರ: ಇಷ್ಟೆಲ್ಲ ಏಕೆ? ತೂಕ ಹಾಕಿ, ಕೋರಿನ ತೂಕ ಕಳೆಯಿರಿ. ಅರ್ಧ ಮೀಟರ್ ಅಗಲ, 60 ಜಿ.ಎಸ್.ಎಂ. ಆದರೆ ಮೀಟರಿಗೆ 30 ಗ್ರಾಂ. ನೂರು ಕೆ.ಜಿ.ಗೆ 3,333 ಮೀಟರ್. ದಪ್ಪದ ಗೋಜೇ ಇಲ್ಲ.

ಹಳೆಯ ಪ್ರೆಸ್ಸಿನವರು: ಮಳೆಗಾಲದಲ್ಲಿ ಕಾಗದ ತೇವ ಕುಡಿದು ಭಾರವಾದಾಗ ನಿಮ್ಮ ಲೆಕ್ಕ ಇಲ್ಲದ ಮೀಟರುಗಳನ್ನು ತೋರಿಸುತ್ತದೆ. ಅದಕ್ಕೂ ಒಮ್ಮೆ ದಂಡ ತೆತ್ತಿದ್ದೇನೆ.

ಗೋದಾಮಿನವರು: ತೇವದ ಗೋಡೆಗೆ ಒರಗಿಸಿದ ರೀಲನ್ನು ತೂಗಿದರೆ ಹಾಗೆಯೇ ಆಗುವುದು. ನಮ್ಮಲ್ಲಿ ಪ್ಲಾಸ್ಟಿಕ್ ಹೊದಿಕೆ ಬಿಚ್ಚುವ ಮೊದಲೇ ತೂಗುತ್ತೇವೆ.

ಕೇಳಿದವರು: ಹೊದಿಕೆ ಯಾವಾಗಲೋ ಬಿಚ್ಚಿದ್ದೇವೆ. ಟೇಪು ಸುತ್ತಿ ಅಳೆದೆ, ಸುತ್ತಳತೆ 186 ಸೆಂ.ಮೀ. ಬಂದಿದೆ.

ಹಳೆಯ ಪ್ರೆಸ್ಸಿನವರು: ಹಾಗಾದರೆ ವ್ಯಾಸ 59.2 ಮಾತ್ರ. 3,220ಕ್ಕಿಂತ ಒಂದು ಮೀಟರನ್ನೂ ಹೆಚ್ಚು ಹೇಳಬೇಡಿ.