ಡಯಾಫ್ರಾಮ್ ಗೋಡೆ: ಕಂದಕದ ಸ್ಲರಿ ಏಕಾಏಕಿ ಇಳಿದರೆ

ಸೈಟ್ ಎಂಜಿನಿಯರ್, ಬೆಂಗಳೂರು: ನೆಲದೊಳಗಿನ 800 ಮಿ.ಮೀ. ದಪ್ಪದ ಕಾಂಕ್ರೀಟ್ ಗೋಡೆಗೆ ಕಂದಕದ ಮೊದಲ ಭಾಗವನ್ನು, 2.8 ಮೀಟರ್ ಉದ್ದದ ಬೈಟ್, ಅಗೆಯುತ್ತಿದ್ದೇವೆ. 11 ಮೀಟರ್ ಆಳದಲ್ಲಿ, ಬದಿಯ ಮಣ್ಣು ಕುಸಿಯದಂತೆ ತುಂಬಿದ್ದ ಬೆಂಟೊನೈಟ್ ಜೇಡಿಯ ಸ್ಲರಿ ಇಪ್ಪತ್ತೇ ನಿಮಿಷದಲ್ಲಿ 1.8 ಮೀಟರ್ ಇಳಿಯಿತು. ಮೂರು ಮೀಟರ್ ದೂರದಲ್ಲಿ ಹಳೆಯ ಮನೆಯಿದೆ. ನೀರು ತುಂಬಿ ಮುಂದುವರಿಯಬಹುದೇ ಸರ್?

ಭೂತಾಂತ್ರಿಕ ಎಂಜಿನಿಯರ್: ಮುಂದುವರಿಯಬೇಡಿ, ನೀರನ್ನಂತೂ ತುಂಬಲೇಬೇಡಿ. ಅಗೆಯುವ ಗ್ರ್ಯಾಬನ್ನು ನಿಧಾನವಾಗಿ ಮೇಲೆತ್ತಿ, ಕ್ರೇನನ್ನು ಕಂದಕದ ಅಂಚಿನಿಂದ ದೂರ ಸರಿಸಿ, ಶೇಖರಣಾ ಟ್ಯಾಂಕಿನಲ್ಲಿರುವ ಹೊಸ ಸ್ಲರಿಯನ್ನು ಈಗಲೇ ತುಂಬಿಸಿ. ಆ ಮನೆಯವರನ್ನು ಸದ್ಯಕ್ಕೆ ಹೊರಗೆ ಕರೆಯುವುದು ಒಳ್ಳೆಯದು.

ನಿಮ್ಮ ಅಳತೆಯ ಪ್ರಕಾರ ಸುಮಾರು 4 ಘನ ಮೀಟರ್ ಸ್ಲರಿ ಕಾಣೆಯಾಗಿದೆ. ಗೋಡೆಯ ಮಣ್ಣಿನೊಳಗೆ ಇಷ್ಟು ಬೇಗ ಇಷ್ಟು ಸ್ಲರಿ ಇಂಗುವುದಿಲ್ಲ. ಹಳೆಯ ಬಾವಿಯೋ, ಒಡೆದ ಚರಂಡಿಯೋ, ಬಿರುಕುಬಿಟ್ಟ ಬಂಡೆಯೋ ಅಲ್ಲಿರಬೇಕು. ಕಂದಕದ ಬಾಯಿಗೆ ಕಟ್ಟಿದ ನಿಮ್ಮ ಗೈಡ್ ವಾಲ್ ಎಷ್ಟು ಆಳವಿದೆ, ಅಂತರ್ಜಲ ಎಷ್ಟರಲ್ಲಿದೆ?

ಸೈಟ್ ಎಂಜಿನಿಯರ್: ಗೈಡ್ ವಾಲ್ 1.5 ಮೀಟರ್. ಸ್ಲರಿ ಮೊದಲು ನೆಲದಿಂದ ಅರ್ಧ ಮೀಟರ್ ಕೆಳಗಿತ್ತು. ಮಾರ್ಚ್‌ನ ಬೋರ್ ಲಾಗ್‌ನಲ್ಲಿ ನೀರು 4 ಮೀಟರ್‌ಗೆ ಸಿಕ್ಕಿದೆ.

ಭೂತಾಂತ್ರಿಕ ಎಂಜಿನಿಯರ್: ಹಾಗಾದರೆ ಸ್ಲರಿ ಈಗ 2.3 ಮೀಟರ್ ಕೆಳಗಿದೆ, ಗೈಡ್ ವಾಲ್‌ನ ಬುಡದಿಂದ 0.8 ಮೀಟರ್ ಮಣ್ಣು ಯಾವ ಆಸರೆಯೂ ಇಲ್ಲದೆ ನಿಂತಿದೆ. ಕುಸಿತ ಶುರುವಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ.

ತಳದ ಲೆಕ್ಕವನ್ನೂ ನೋಡಿ. 1.05 ಸಾಂದ್ರತೆಯ ಸ್ಲರಿ ಮೊದಲು 10.5 ಮೀಟರ್ ಎತ್ತರವಿದ್ದಾಗ ಚದರ ಮೀಟರಿಗೆ 11 ಟನ್ ಒತ್ತುತ್ತಿತ್ತು, ಹೊರಗಿನ ನೀರು 7 ಟನ್. ಮಣ್ಣನ್ನು ಹಿಡಿದಿಟ್ಟದ್ದು ಉಳಿದ 4 ಟನ್. ಈಗ ಅದು 2.1 ಟನ್‌ಗೆ ಇಳಿದಿದೆ. ಮಾರ್ಚ್‌ನ ಬೋರ್ ಲಾಗ್ ಬೇಸಿಗೆಯದು. ಮಳೆ ಬಂದು ಅಂತರ್ಜಲ 2 ಮೀಟರ್ ಏರಿದರೆ ಉಳಿಯುವುದು 0.1 ಟನ್ ಮಾತ್ರ. ನೀರು ತುಂಬಿದರೆ ಮಟ್ಟ ಏರಿದರೂ ಸ್ಲರಿ ತೆಳುವಾಗಿ, ಮಣ್ಣಿನ ಮೇಲೆ ಪದರ ಕಟ್ಟುವ ಗುಣವನ್ನೇ ಕಳೆದುಕೊಳ್ಳುತ್ತದೆ.

ತುಂಬಿದ ಸ್ಲರಿ ನಿಲ್ಲದಿದ್ದರೆ ಕಂದಕವನ್ನು ಮಣ್ಣಿನಿಂದಲೋ ಕಡಿಮೆ ಸಿಮೆಂಟಿನ ಕಾಂಕ್ರೀಟಿನಿಂದಲೋ ಮುಚ್ಚಿ, ಅನಂತರ ಸ್ಲರಿ ಹೋಗುವ ದಾರಿಯನ್ನು ಹುಡುಕಿ.

ಮೇಲ್ವಿಚಾರಕ, ಹುಬ್ಬಳ್ಳಿ: ಇನ್ನೊಂದು ಗುಂಪಿನಿಂದ ಬಂದ ಸಂದೇಶ: "ಕಂದಕ ಕುಸಿಯುತ್ತಿದ್ದರೆ ಬೆಂಟೊನೈಟ್‌ಗೆ ಎರಡು ಚೀಲ ಸಿಮೆಂಟ್ ಹಾಕಿ, ಗಟ್ಟಿಯಾಗಿ ನಿಲ್ಲುತ್ತದೆ."

ಭೂತಾಂತ್ರಿಕ ಎಂಜಿನಿಯರ್: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಸಿಮೆಂಟಿನ ಕ್ಯಾಲ್ಸಿಯಂ ಬೆಂಟೊನೈಟ್ ಕಣಗಳನ್ನು ಗುಂಪುಗಟ್ಟಿಸುತ್ತದೆ. ಆ ಸ್ಲರಿ ಮೇಲ್ನೋಟಕ್ಕೆ ದಪ್ಪಗಾಗುತ್ತದೆ, ಆದರೆ ಬಿಗಿಯಾದ ತೆಳು ಪದರ ಕಟ್ಟುವುದಿಲ್ಲ, ಮಣ್ಣಿನೊಳಗೆ ಸುಲಭವಾಗಿ ನೀರು ಬಿಡುತ್ತದೆ.

ಗುತ್ತಿಗೆದಾರ, ಮಂಗಳೂರು: ಸೋಡಾ ಆಶ್ ಹಾಕಿದರೆ ಸಿಮೆಂಟ್ ಕೆಡಿಸಿದ ಸ್ಲರಿ ಸರಿಹೋಗುತ್ತದೆ. ಹಾಗಾಗಿ ಸಿಮೆಂಟ್ ಹಾಕುವುದರಲ್ಲಿ ತಪ್ಪೇನಿಲ್ಲ.

ಮೇಲ್ವಿಚಾರಕ: ನಾನೂ ಅದನ್ನೇ ಹೇಳಿದ್ದು.

ಭೂತಾಂತ್ರಿಕ ಎಂಜಿನಿಯರ್: ಮೊದಲ ವಾಕ್ಯ ಅರ್ಧ ಸರಿ. ಕಾಂಕ್ರೀಟ್ ಸುರಿಯುವಾಗ ಅನಿವಾರ್ಯವಾಗಿ ಸ್ವಲ್ಪ ಕೆಟ್ಟದ್ದನ್ನು ಸೋಡಾ ಆಶ್ ಸುಧಾರಿಸಬಹುದು, ಅಗೆಯುತ್ತಿರುವ ಕಂದಕದಲ್ಲಿ ಬೇಕೆಂದೇ ಕೆಡಿಸಿದ್ದನ್ನಲ್ಲ. ಎರಡನೆಯ ವಾಕ್ಯ ಅಪಾಯಕಾರಿ.

ವಿದ್ಯಾರ್ಥಿ, ದಾವಣಗೆರೆ: ಸ್ಲರಿಯ ದಪ್ಪ ಅಳೆಯುವ ಮಾರ್ಷ್ ಕೋನ್‌ನಿಂದ ಅದು ಹರಿದುಹೋಗಲು ಎಷ್ಟು ಸೆಕೆಂಡ್ ಇರಬೇಕು?

ಭೂತಾಂತ್ರಿಕ ಎಂಜಿನಿಯರ್: ಹೊಸ ಸ್ಲರಿಗೆ ಸಾಮಾನ್ಯವಾಗಿ 32ರಿಂದ 50.

ಮೇಲ್ವಿಚಾರಕ: ಮಾರ್ಷ್ ಕೋನ್ ಸಮಯ ಹೇಳಿ ಸರ್.

ಭೂತಾಂತ್ರಿಕ ಎಂಜಿನಿಯರ್: ಮೇಲೆ ಇದೆ.

ಗುತ್ತಿಗೆದಾರ, ಮಂಗಳೂರು: ನಮ್ಮ ಕೆಲಸದಲ್ಲಿ ಗೋಡೆಯ ಪ್ಯಾನೆಲ್‌ಗಳು ಕೂಡುವ ಕೀಲಿನಿಂದ ನೀರು ಬರುತ್ತಿದೆ. ಪ್ಯಾನೆಲ್ ತುದಿಯಲ್ಲಿ ಕಾಂಕ್ರೀಟನ್ನು ತಡೆಯುವ ಸ್ಟಾಪ್ ಎಂಡ್ ಪೈಪನ್ನು ಕಾಂಕ್ರೀಟ್ ಸುರಿದು ಸರಿಯಾಗಿ ನಾಲ್ಕು ಗಂಟೆಯಾದಾಗಲೇ ಎಳೆದಿದ್ದೇವೆ.

ಭೂತಾಂತ್ರಿಕ ಎಂಜಿನಿಯರ್: ಗಡಿಯಾರ ನೋಡಿ ಎಳೆದರೆ ಆಗುವುದಿಲ್ಲ. ಒಂದೊಂದು ಲಾರಿಯ ಕಾಂಕ್ರೀಟಿನಿಂದ ಒಂದು ಬಟ್ಟಲು ಮಾದರಿ ತೆಗೆದಿಟ್ಟು, ತಳಕ್ಕೆ ಹೋದ ಮೊದಲ ಲಾರಿಯ ಮಾದರಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಅದು ಬಿಗಿಯಾಗತೊಡಗಿದಾಗ ಪೈಪನ್ನು ಸ್ವಲ್ಪ ಅಲುಗಿಸಬೇಕು. ಬೇಗ ಎಳೆದರೆ ಕಾಂಕ್ರೀಟ್ ಕುಸಿದು ಬರುತ್ತದೆ, ತಡವಾದರೆ ಪೈಪೇ ಸಿಕ್ಕಿಬೀಳುತ್ತದೆ.

ನಿಮ್ಮ ಸೋರಿಕೆಗೆ ಪೈಪ್ ಕಾರಣವಲ್ಲದಿರಬಹುದು. ಪಕ್ಕದ ಪ್ಯಾನೆಲ್ ಅಗೆದ ಮೇಲೆ ಹಳೆಯ ಕಾಂಕ್ರೀಟಿನ ಮುಖಕ್ಕೆ ಅಂಟಿದ ಜೇಡಿ ಪದರವನ್ನು ಗ್ರ್ಯಾಬಿಗೆ ತಂತಿ ಬ್ರಷ್ ಕಟ್ಟಿ ಉಜ್ಜಿದ್ದೀರಾ? ಬ್ರಷ್ ಜೇಡಿಯಿಲ್ಲದೆ ಮೇಲೆ ಬರುವವರೆಗೂ ಉಜ್ಜಬೇಕು. ಈಗ ಸೋರುವ ನೀರನ್ನು ಬಟ್ಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ತಳದಲ್ಲಿ ಮಣ್ಣು ಕೂತರೆ ಗೋಡೆಯ ಹಿಂದಿನ ನೆಲ ಟೊಳ್ಳಾಗುತ್ತಿದೆ ಎಂದೇ ಅರ್ಥ; ಒಳಗಡೆ ಅಗೆಯುವುದನ್ನು ನಿಲ್ಲಿಸಿ.

ಗುತ್ತಿಗೆದಾರ, ಮಂಗಳೂರು: ಉಜ್ಜಿದ್ದೇವೆ. ನಮಗೆ ಇಪ್ಪತ್ತು ವರ್ಷದ ಅನುಭವವಿದೆ.

ಭೂತಾಂತ್ರಿಕ ಎಂಜಿನಿಯರ್: ಅನುಭವವನ್ನು ನಾನು ಪ್ರಶ್ನಿಸಿಲ್ಲ. ಬಟ್ಟಲಿನ ತಳದಲ್ಲಿ ಏನಿತ್ತು ಎಂದು ಕೇಳಿದ್ದೇನೆ.

ವಿದ್ಯಾರ್ಥಿ: ಬೆಂಟೊನೈಟ್ ಬದಲು ಪಾಲಿಮರ್ ಬಳಸಿದರೆ ಕೀಲು ಚೆನ್ನಾಗಿರುತ್ತದೆಯೇ?

ಸೈಟ್ ಎಂಜಿನಿಯರ್, ಬೆಂಗಳೂರು: ಸರ್, ತುಂಬಿದ ಸ್ಲರಿ ಮತ್ತೆ ಇಳಿಯಿತು, ಮಣ್ಣು ಹಾಕಿ ಮುಚ್ಚಿದೆವು. ಅದಕ್ಕೂ ಮೊದಲು ಕೊನೆಯ ಗ್ರ್ಯಾಬಿನಲ್ಲಿ ಹಳೆಯ ಇಟ್ಟಿಗೆ ಚೂರುಗಳು ಬಂದಿದ್ದವು. ಪಕ್ಕದ ಮನೆಯ ಅಜ್ಜಿ ಅಲ್ಲಿ ಬಾವಿಯಿತ್ತು ಎನ್ನುತ್ತಾರೆ.

ಭೂತಾಂತ್ರಿಕ ಎಂಜಿನಿಯರ್: ಅವರನ್ನೇ ಕರೆದು ಬಾವಿಯ ಜಾಗವನ್ನು ನೆಲದ ಮೇಲೆ ಗುರುತು ಹಾಕಿಸಿ. ಅದನ್ನು ಗ್ರೌಟ್ ತುಂಬಿ ಗಟ್ಟಿಯಾಗುವವರೆಗೆ ಆ ಪ್ಯಾನೆಲ್ ಮುಟ್ಟಬೇಡಿ. ಮನೆಯ ಗೋಡೆಯ ಬಿರುಕುಗಳಿಗೆ ಇವತ್ತೇ ಗಾಜಿನ ಪಟ್ಟಿ ಅಂಟಿಸಿ, ಬೆಳಿಗ್ಗೆ ಒಡೆದಿದೆಯೇ ನೋಡಿ ತಿಳಿಸಿ.